ಒಬಿಎಸ್‌ನಲ್ಲಿ ಸ್ಕ್ರೀನ್ ಪಾಠ: ಸಿಬಿಆರ್ ಇಡಬೇಕಾ, ವಿಬಿಆರ್ ಇಡಬೇಕಾ?

ಒಬಿಎಸ್‌ನಲ್ಲಿ ಪಾಠ ರೆಕಾರ್ಡ್ ಮಾಡುವವರಿಂದ ಎರಡು ದೂರು ಪದೇ ಪದೇ ಬರುತ್ತವೆ. ಒಂದು, ಸ್ಕ್ರೋಲ್ ಮಾಡಿದ ಕೂಡಲೇ ಅಕ್ಷರಗಳೆಲ್ಲ ಮಸುಕಾಗಿ, ಸ್ವಲ್ಪ ಹೊತ್ತು ಬಿಟ್ಟು ತಾನಾಗಿ ಸರಿಹೋಗುತ್ತವೆ. ಇನ್ನೊಂದು, ಅರ್ಧ ಗಂಟೆಯ ಪಾಠಕ್ಕೆ ಫೈಲ್ ಒಂದೂವರೆ, ಎರಡು ಜಿಬಿ ಆಗಿರುತ್ತದೆ. ಆ ಅರ್ಧ ಗಂಟೆಯಲ್ಲಿ ಮುಕ್ಕಾಲು ಭಾಗ ಪರದೆ ಅಲುಗಾಡಿಯೇ ಇರುವುದಿಲ್ಲ!

ಮೊದಲನೇ ದೂರಿನವರು ಬಿಟ್‌ರೇಟ್ ಏರಿಸುತ್ತಾರೆ. ಆಗ ಎರಡನೇ ದೂರು ಶುರುವಾಗುತ್ತದೆ. ಎರಡನೆಯವರು ಇಳಿಸುತ್ತಾರೆ, ಮೊದಲನೆಯದು ಶುರು. ಹೀಗೆ ಎಷ್ಟು ಸಲ ಏರಿಳಿಸಿದರೂ ಸಮಾಧಾನ ಸಿಗುವುದಿಲ್ಲ, ಯಾಕೆಂದರೆ ತೊಂದರೆ ಇರುವುದು ಆ ಸಂಖ್ಯೆಯಲ್ಲಲ್ಲ. ಅದರ ಮೇಲೆ `Rate Control` ಅಂತ ಒಂದು ಆಯ್ಕೆ ಇದೆಯಲ್ಲ, ತೊಂದರೆ ಅಲ್ಲಿದೆ. ಅದರಲ್ಲಿ `CBR` ಎಂದಿದ್ದರೆ ಬಿಟ್‌ರೇಟ್ ಸದಾ ಒಂದೇ ಮಟ್ಟದಲ್ಲಿರುತ್ತದೆ. `VBR` ಮತ್ತು ಅದರ ಬಳಗದವು ಅಗತ್ಯ ನೋಡಿಕೊಂಡು ಬಿಟ್‌ರೇಟನ್ನು ಏರಿಸಿ ಇಳಿಸುತ್ತವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲೈವ್ ಇಲ್ಲ, ಸುಮ್ನೆ ಡಿಸ್ಕಿಗೆ ರೆಕಾರ್ಡ್ ಮಾಡುತ್ತಿದ್ದೀರಿ ಅಂದರೆ ಸಿಬಿಆರ್ ಬೇಡ. ಆದರೆ ವಿಬಿಆರ್ ಅಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದರೊಳಗೇ ಎರಡು ಬಗೆ ಇದೆ, ನಿಜವಾದ ಆಯ್ಕೆ ಇರುವುದು ಅವುಗಳ ನಡುವೆ.

## ಪಾಠ ನಡೆಯುವಾಗ ಎನ್‌ಕೋಡರ್‌ಗೆ ಏನು ಕಾಣುತ್ತದೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಗಡಿಯ ಲೆಕ್ಕ ಬರೆಯುವುದು ಹೇಗೆ ಅಂತ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ 25 ನಿಮಿಷದ ಪಾಠ. ಪರದೆ 1920×1080, ಸೆಕೆಂಡಿಗೆ 30 ಫ್ರೇಮ್. ಹಾಳೆಯ ತಲೆಯಲ್ಲಿ ದಿನಾಂಕ, ವಿವರ, ಮೊತ್ತ, ಬಾಕಿ ಅಂತ ಕನ್ನಡದಲ್ಲೇ ಹೆಸರು.

ಈ ಪಾಠದ ಬಹುಪಾಲು ಹೊತ್ತು ನೀವು ಮಾತಾಡುತ್ತಿರುತ್ತೀರಿ. ಪರದೆಯ ಮೇಲೆ ಮೌಸ್ ಬಾಣ ಸ್ವಲ್ಪ ಓಡಾಡುತ್ತದೆ, ಒಂದು ಚೌಕದಲ್ಲಿ ನಾಲ್ಕು ಅಂಕಿ ಮೂಡುತ್ತವೆ, ಅಷ್ಟೆ. ವಿಡಿಯೊ ಎನ್‌ಕೋಡರ್ ಪ್ರತಿ ಫ್ರೇಮನ್ನೂ ಹೊಸದಾಗಿ ಬರೆಯುವುದಿಲ್ಲ. ಹಿಂದಿನ ಫ್ರೇಮಿಗಿಂತ ಏನು ಬದಲಾಯಿತೋ ಅದನ್ನು ಮಾತ್ರ ಬರೆಯುತ್ತದೆ. ಏನೂ ಬದಲಾಗದಿದ್ದರೆ ಬರೆಯಲು ಹೆಚ್ಚುಕಡಿಮೆ ಏನೂ ಇರುವುದಿಲ್ಲ.

ಆಮೇಲೆ ನೀವು ಆಲ್ಟ್-ಟ್ಯಾಬ್ ಒತ್ತಿ ಬ್ರೌಸರ್‌ಗೆ ಹೋಗುತ್ತೀರಿ. ಒಂದೇ ಫ್ರೇಮಿನಲ್ಲಿ ಇಡೀ ಪರದೆ ಬೇರೆ. ಅದೂ ಎಂಥ ಪರದೆ? ತುಂಬ ಸಣ್ಣ ಅಕ್ಷರ, ಚೂಪು ಅಂಚು, ಕಪ್ಪು ಬಿಳುಪಿನ ದೊಡ್ಡ ಅಂತರ. ಎನ್‌ಕೋಡರ್‌ಗೆ ಇದು ತ್ರಾಸದ ಚಿತ್ರ. ಆಕಾಶ, ಗೋಡೆಯಂಥ ನುಣುಪಾದ ಚಿತ್ರವನ್ನು ಸ್ವಲ್ಪ ಬಿಟ್‌ನಲ್ಲಿ ಬರೆಯಬಹುದು, ಅಕ್ಷರಗಳನ್ನು ಆಗುವುದಿಲ್ಲ. ಉದ್ದ ಹಾಳೆಯನ್ನು ಸರ್ರನೆ ಸ್ಕ್ರೋಲ್ ಮಾಡಿದರೂ ಇದೇ ಕಥೆ, ಸಾಲು ಸಾಲು ಹೊಸ ಅಕ್ಷರ ಕೆಳಗಿಂದ ಬರುತ್ತಲೇ ಇರುತ್ತದೆ.

ಅಂದರೆ ಸ್ಕ್ರೀನ್ ಪಾಠದ ಬೇಡಿಕೆ ಸಮವಾಗಿರುವುದೇ ಇಲ್ಲ. ನಿಮಿಷಗಟ್ಟಲೆ ಸೊನ್ನೆಯ ಹತ್ತಿರ, ನಡುವೆ ಒಂದೆರಡು ಸೆಕೆಂಡು ಆಕಾಶಕ್ಕೆ. ಕ್ರಿಕೆಟ್ ಪಂದ್ಯದ ವಿಡಿಯೊದಲ್ಲೂ ಏರಿಳಿತ ಇರುತ್ತದೆ, ಆದರೆ ಈ ಮಟ್ಟದ್ದಲ್ಲ.

## ಸಿಬಿಆರ್ ಇಲ್ಲಿ ಏನು ಮಾಡುತ್ತದೆ

ಸಿಬಿಆರ್ ಅಂದರೆ ಊಟಕ್ಕೆ ಇಬ್ಬರು ಬಂದರೂ ಇಪ್ಪತ್ತು ಜನ ಬಂದರೂ ಅದೇ ಒಂದು ಸೇರು ಅಕ್ಕಿ ಹಾಕಿದ ಹಾಗೆ. ಇಬ್ಬರು ಬಂದ ದಿನ ಚೆಲ್ಲುತ್ತದೆ, ಇಪ್ಪತ್ತು ಜನ ಬಂದ ದಿನ ಸಾಲುವುದಿಲ್ಲ.

ಚೆಲ್ಲುವುದು ಅಂತ ಅಂದಾಜಿನಲ್ಲಿ ಹೇಳುತ್ತಿಲ್ಲ. ಒಬಿಎಸ್‌ನಲ್ಲಿ `x264` ಎನ್‌ಕೋಡರ್ ಆರಿಸಿ ಸಿಬಿಆರ್ ಇಟ್ಟರೆ, ಪರದೆ ನಿಂತಿರುವಾಗ ಬರೆಯಲು ಏನೂ ಇಲ್ಲದಿದ್ದರೂ ಅದು ಹೇಳಿದ ಬಿಟ್‌ರೇಟ್ ತುಂಬಲೇಬೇಕು. ಹಾಗಾಗಿ ಫಿಲ್ಲರ್ ಎಂಬ ಖಾಲಿ ಡೇಟಾ ಸೇರಿಸಿ ತುಂಬುತ್ತದೆ. ಆ ಬೈಟ್‌ಗಳಲ್ಲಿ ಚಿತ್ರವೇ ಇಲ್ಲ. ಪ್ಲೇಯರ್ ಅವನ್ನು ಓದಿ ಬಿಸಾಡುತ್ತದೆ. ನಿಮ್ಮ ಡಿಸ್ಕಿನಲ್ಲಿ ಮಾತ್ರ ಜಾಗ ಹಿಡಿದು ಕೂತಿರುತ್ತವೆ.

ಇನ್ನು ಸಾಲದೆ ಬರುವ ಹೊತ್ತು. ಕಿಟಕಿ ಬದಲಾದಾಗ ಹೊಸ ಪರದೆಯನ್ನು ಚೆನ್ನಾಗಿ ಬರೆಯಲು ಬೇಕಾದಷ್ಟು ಬಿಟ್ ಇಲ್ಲ. ಎನ್‌ಕೋಡರ್ ಮೊದಲು ಒರಟಾಗಿ ಒಂದು ಚಿತ್ರ ಬರೆದುಬಿಡುತ್ತದೆ, ಮುಂದಿನ ಫ್ರೇಮ್‌ಗಳಲ್ಲಿ ನಿಧಾನಕ್ಕೆ ತಿದ್ದುತ್ತದೆ. ನೋಡುವವರಿಗೆ ಕಾಣುವುದೇನು? ಅಕ್ಷರ ಮೊದಲು ಮಸುಕು, ಆಮೇಲೆ ಸ್ಪಷ್ಟ. ಕನ್ನಡದಲ್ಲಿ ಇದು ಬೇಗ ಕಣ್ಣಿಗೆ ಹೊಡೆಯುತ್ತದೆ. ‘ಮೊತ್ತ’ ಎಂಬಲ್ಲಿ ತಕಾರದ ಒತ್ತು ಸಾಲಿನ ಕೆಳಗೆ ಕೆಲವೇ ಪಿಕ್ಸೆಲ್ ಎತ್ತರ ಇರುತ್ತದೆ. ಮೊದಲು ಕರಗುವುದು ಅದೇ.

ಹಾಗಾದರೆ ಸಿಬಿಆರ್ ಯಾಕಿದೆ? ನೆಟ್‌ವರ್ಕ್‌ಗೋಸ್ಕರ. ಲೈವ್ ಮಾಡುವಾಗ ನಿಮ್ಮ ಅಪ್‌ಲೋಡ್ ಲೈನಿಗೆ ಒಂದು ಮಿತಿ ಇದೆ. ಬಿಟ್‌ರೇಟ್ ಏಕಾಏಕಿ ಮೂರು ಪಟ್ಟು ಏರಿದರೆ ಲೈನ್ ಕಟ್ಟಿಕೊಂಡು ಫ್ರೇಮ್‌ಗಳು ಬಿದ್ದುಹೋಗುತ್ತವೆ. ಅದಕ್ಕೇ ಟ್ವಿಚ್, ಯೂಟ್ಯೂಬ್ ಲೈವ್ ಎರಡೂ ಸಿಬಿಆರ್ ಇಡಿ ಅನ್ನುತ್ತವೆ. ನಿಮ್ಮ ಹಾರ್ಡ್ ಡಿಸ್ಕಿಗೆ ಈ ಕಷ್ಟ ಇಲ್ಲ. 40,000 ಕೆಬಿಪಿಎಸ್ ಅಂದರೂ ಸೆಕೆಂಡಿಗೆ 5 ಎಂಬಿ, ಹಳೇ ಹಾರ್ಡ್ ಡಿಸ್ಕ್ ಕೂಡ ಅದರ ಹತ್ತು ಪಟ್ಟು ಬರೆಯುತ್ತದೆ. ಲೈವ್ ಸಲಹೆಯನ್ನು ಹಾಗೇ ಎತ್ತಿ ರೆಕಾರ್ಡಿಂಗ್‌ಗೂ ಹಾಕಿಕೊಳ್ಳುವುದೇ ಈ ಗೊಂದಲದ ಮೂಲ.

## ಒಂದು ಸಣ್ಣ ಲೆಕ್ಕ

8000 ಕೆಬಿಪಿಎಸ್ ಅಂದರೆ ಸರಿಯಾಗಿ ಸೆಕೆಂಡಿಗೆ 1 ಎಂಬಿ. ನೆನಪಿಡಲು ಸುಲಭ. ನಮ್ಮ 25 ನಿಮಿಷದ ಪಾಠ 1500 ಸೆಕೆಂಡು, ಹಾಗಾಗಿ ಸಿಬಿಆರ್ 8000ದಲ್ಲಿ 1.5 ಜಿಬಿ. ನೀವು 25 ನಿಮಿಷ ಸುಮ್ಮನೆ ಕೂತರೂ ಅಷ್ಟೇ ಆಗುತ್ತದೆ.

ಈಗ ಬೇಕಾದಷ್ಟೇ ಬಳಸುವ ರೀತಿ. ಲೆಕ್ಕಕ್ಕಾಗಿ ಹೀಗೆ ಅಂದುಕೊಳ್ಳಿ: ಪರದೆ ಹೆಚ್ಚುಕಡಿಮೆ ನಿಂತಿರುವುದು 22 ನಿಮಿಷ, ಆಗ 300 ಕೆಬಿಪಿಎಸ್. ಸ್ಕ್ರೋಲು, ಕಿಟಕಿ ಬದಲಾವಣೆ ಎಲ್ಲ ಕೂಡಿ 3 ನಿಮಿಷ, ಆಗ 12,000 ಕೆಬಿಪಿಎಸ್. ಮೊದಲನೆಯದಕ್ಕೆ ಸುಮಾರು 50 ಎಂಬಿ, ಎರಡನೆಯದಕ್ಕೆ 270 ಎಂಬಿ. ಒಟ್ಟು 320 ಎಂಬಿ.

ಇನ್ನೊಂದು ಕಡೆ, ಜಾಗ ಉಳಿಸೋಣ ಅಂತ ಸಿಬಿಆರ್ 2500ಕ್ಕೆ ಇಳಿಸಿದವರ ಫೈಲ್ ನೋಡಿ. 1500 ಸೆಕೆಂಡಿಗೆ ಸುಮಾರು 470 ಎಂಬಿ. ಫೈಲೂ ದೊಡ್ಡದು, ಸ್ಕ್ರೋಲ್ ಮಾಡುವಾಗ ಸಿಗುವುದೂ 12,000ದ ಬದಲು 2500. ಎರಡೂ ಕಡೆ ನಷ್ಟ. ಇಲ್ಲಿನ 300, 12,000 ನಾನು ಹಿಡಿದುಕೊಂಡ ಅಂಕಿಗಳು, ನಿಮ್ಮ ಪರದೆಯಲ್ಲಿ ಬೇರೆ ಬರುತ್ತವೆ. ಆದರೆ ಲೆಕ್ಕದ ದಿಕ್ಕು ಬದಲಾಗುವುದಿಲ್ಲ. ಧ್ವನಿಗೆ 160 ಕೆಬಿಪಿಎಸ್ ಇಟ್ಟರೆ ಎಲ್ಲದಕ್ಕೂ ಇನ್ನೊಂದು 30 ಎಂಬಿ ಸೇರಿಸಿಕೊಳ್ಳಿ.

ಮೊಬೈಲ್ ಹಾಟ್‌ಸ್ಪಾಟ್‌ನಿಂದ ಅಪ್‌ಲೋಡ್ ಮಾಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದರೆ ಒಂದು ಫೈಲಿಗೇ ಅದು ಖಾಲಿ.

## ವಿಬಿಆರ್ ಒಳಗಿನ ಎರಡು ದಾರಿ

ಬಿಟ್‌ರೇಟ್ ಏರಿಳಿಯಲಿ ಅಂತ ಬಿಟ್ಟರೆ, ಎಷ್ಟರ ಮಟ್ಟಿಗೆ ಅಂತ ಎನ್‌ಕೋಡರ್‌ಗೆ ಏನಾದರೂ ಗುರಿ ಹೇಳಬೇಕಲ್ವಾ? ಎರಡು ರೀತಿ ಹೇಳಬಹುದು.

ಒಂದನೇ ರೀತಿಯಲ್ಲಿ ಸರಾಸರಿ ಹೇಳುತ್ತೀರಿ. ಎನ್‌ವಿಡಿಯಾ ಕಾರ್ಡಿನ ಎನ್‌ಕೋಡರ್‌ನಲ್ಲಿ `VBR` ಆರಿಸಿದರೆ ಎರಡು ಸಂಖ್ಯೆ ಕೇಳುತ್ತದೆ: ಗುರಿಯ ಬಿಟ್‌ರೇಟ್, ಮತ್ತೆ ಮೀರಬಾರದ ಗರಿಷ್ಠ. 6000 ಮತ್ತು 15,000 ಅಂತ ಕೊಡಬಹುದು. ಇದು ಸಿಬಿಆರ್‌ಗಿಂತ ಎಷ್ಟೋ ಮೇಲು. ಆದರೆ ಒಂದು ಕೊರತೆ ಇದೆ. ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಬರೆಯಬೇಕಾದ್ದರಿಂದ ಎನ್‌ಕೋಡರ್‌ಗೆ ಮುಂದೆ ಏನು ಬರುತ್ತದೆ ಅಂತ ಗೊತ್ತಿರುವುದಿಲ್ಲ. ಇಡೀ ವಿಡಿಯೊ ಒಮ್ಮೆ ನೋಡಿ, ಎಲ್ಲಿ ಎಷ್ಟು ಖರ್ಚು ಮಾಡಬೇಕು ಅಂತ ತೀರ್ಮಾನಿಸಿ, ಎರಡನೇ ಸಲ ಬರೆಯುವ ಅನುಕೂಲ ಎಡಿಟರ್‌ನಿಂದ ಎಕ್ಸ್‌ಪೋರ್ಟ್ ಮಾಡುವಾಗ ಮಾತ್ರ ಇರುತ್ತದೆ. ಇಲ್ಲಿ ಇಲ್ಲ.

ಎರಡನೇ ರೀತಿಯಲ್ಲಿ ಬಿಟ್‌ರೇಟ್ ಮಾತೇ ಎತ್ತುವುದಿಲ್ಲ. ‘ಚಿತ್ರ ಇಷ್ಟು ಚೆನ್ನಾಗಿರಬೇಕು, ಅದಕ್ಕೆ ಎಷ್ಟು ಬಿಟ್ ಬೇಕೋ ತಗೋ’ ಅನ್ನುತ್ತೀರಿ. ಇದಕ್ಕೆ ಎನ್‌ಕೋಡರ್‌ಗೊಂದು ಹೆಸರು. `x264`ನಲ್ಲಿ `CRF`, ಎನ್‌ವಿಡಿಯಾದಲ್ಲಿ `CQP`, ಇಂಟೆಲ್‌ನ ಕ್ವಿಕ್‌ಸಿಂಕ್‌ನಲ್ಲಿ `ICQ`. ಒಳಗಿನ ಕೆಲಸದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ಬಳಸುವವರಿಗೆ ಒಂದೇ. ಒಂದು ಸಂಖ್ಯೆ ಕೊಡುತ್ತೀರಿ, ಅದು ಚಿಕ್ಕದಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. `x264`ನಲ್ಲಿ ಆ ಸಂಖ್ಯೆ 6 ಕಡಿಮೆಯಾದರೆ ಫೈಲ್ ಸುಮಾರು ಎರಡು ಪಟ್ಟಾಗುತ್ತದೆ ಅಂತ ಅಂದಾಜು ಇಟ್ಟುಕೊಳ್ಳಬಹುದು.

ಸ್ಕ್ರೀನ್ ಪಾಠಕ್ಕೆ ನಾನು ಆರಿಸುವುದು ಎರಡನೆಯದನ್ನೇ. ನಮಗೆ ಬೇಕಿರುವುದು ಎಲ್ಲ ಹೊತ್ತಿನಲ್ಲೂ ಓದಲು ಬರುವ ಅಕ್ಷರ. ಆ ಮಾತನ್ನು ಎನ್‌ಕೋಡರ್‌ಗೆ ನೇರವಾಗಿ ಹೇಳುವ ದಾರಿ ಇದೊಂದೇ. 20ರಿಂದ ಶುರು ಮಾಡಿ. ಅಕ್ಷರ ತೃಪ್ತಿ ಆಗದಿದ್ದರೆ 18. ಫೈಲ್ ದೊಡ್ಡದಾಯಿತು ಅನ್ನಿಸಿದರೆ 23. ಇದಕ್ಕಿಂತ ಆಚೀಚೆ ಹೋಗುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಆದರೆ ಒಂದು ಸಂದರ್ಭದಲ್ಲಿ ಇದು ಕೈಕೊಡುತ್ತದೆ: ಮೂಲೆಯಲ್ಲಿ ನಿಮ್ಮ ಮುಖ ಕಾಣುವ ವೆಬ್‌ಕ್ಯಾಮ್ ಇದ್ದಾಗ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಅಗ್ಗದ ವೆಬ್‌ಕ್ಯಾಮ್ ಚಿತ್ರದಲ್ಲಿ ಕಾಳು ಕಾಳು ಗದ್ದಲ ಇರುತ್ತದೆ, ಅದು ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ. ನಮಗೆ ಅದು ಕಸ, ಎನ್‌ಕೋಡರ್‌ಗೆ ಅದೂ ಹೊಸ ಚಿತ್ರವೇ. ಇಡೀ 25 ನಿಮಿಷ ಅದನ್ನು ನಿಷ್ಠೆಯಿಂದ ಬರೆಯುತ್ತದೆ. ಪರದೆ ನಿಂತಿದ್ದರೂ ಬಿಟ್‌ರೇಟ್ ಇಳಿಯುವುದಿಲ್ಲ. ಮುಖದ ಮೇಲೆ ಒಂದು ಒಳ್ಳೇ ದೀಪ ಬಿದ್ದರೆ ಗದ್ದಲ ತಗ್ಗುತ್ತದೆ, ಫೈಲೂ ಚಿಕ್ಕದಾಗುತ್ತದೆ. ದೀಪ ಹಚ್ಚಿದರೆ ಜಿಬಿ ಉಳಿಯುತ್ತದೆ ಅಂದರೆ ನಗು ಬರಬಹುದು, ಆದರೆ ನಿಜ. ಪಾಠದ ನಡುವೆ ಬೇರೆ ವಿಡಿಯೊ ಓಡಿಸಿ ತೋರಿಸುವವರಿಗೂ ಇದೇ ತೊಂದರೆ.

ಇಂಥ ಕಡೆ ಮೇಲೊಂದು ಮಿತಿ ಬೇಕು. `x264`ನಲ್ಲಿ ಇದಕ್ಕೊಂದು ಚೆಂದದ ದಾರಿ ಇದೆ, ಎಷ್ಟೋ ಜನ ಗಮನಿಸಿರುವುದಿಲ್ಲ. ಅಲ್ಲಿ `VBR` ಆರಿಸಿದರೆ ಬಿಟ್‌ರೇಟ್ ಪೆಟ್ಟಿಗೆಯ ಜೊತೆ `CRF` ಪೆಟ್ಟಿಗೆಯೂ ಕಾಣುತ್ತದೆ. ಯಾಕೆಂದರೆ ಒಬಿಎಸ್‌ನ `x264` ವಿಬಿಆರ್ ಎಂಬುದು ಗುಣಮಟ್ಟ ನೋಡಿ ಬರೆಯುವ ರೀತಿಯೇ, ಮೇಲೆ ಮುಚ್ಚಳ ಒಂದು ಇದೆ ಅಷ್ಟೆ. ಗುಣಮಟ್ಟವನ್ನು ತೀರ್ಮಾನಿಸುವುದು `CRF`, ಬಿಟ್‌ರೇಟ್ ಪೆಟ್ಟಿಗೆಯ ಸಂಖ್ಯೆ ಮುಚ್ಚಳ. `CRF` 20, ಬಿಟ್‌ರೇಟ್ 12,000 ಅಂತ ಕೊಟ್ಟರೆ ನಿಂತ ಪರದೆಗೆ ಕಡಿಮೆ ಖರ್ಚು, ಗದ್ದಲ ಎದ್ದರೂ ಸರಾಸರಿ 12,000 ದಾಟುವುದಿಲ್ಲ. ಎನ್‌ವಿಡಿಯಾದ ವಿಬಿಆರ್‌ನಲ್ಲಿ ಬಿಟ್‌ರೇಟ್ ಪೆಟ್ಟಿಗೆಗೆ ಗುರಿ ಅಂತ ಅರ್ಥ, ಇಲ್ಲಿ ಮಿತಿ ಅಂತ ಅರ್ಥ. ಒಂದರ ಸೆಟ್ಟಿಂಗ್ ನೋಡಿ ಇನ್ನೊಂದಕ್ಕೆ ನಕಲು ಮಾಡುವಾಗ ಇದನ್ನು ಮರೆಯಬೇಡಿ.

## ಎಲ್ಲಿ ಬದಲಾಯಿಸುವುದು

`Settings` ತೆರೆದು `Output`ಗೆ ಹೋಗಿ. ಮೇಲೆ `Output Mode` ಅಂತ ಇದೆ, ಅದು ಮೊದಲಿಗೆ `Simple` ಆಗಿರುತ್ತದೆ.

ಸಿಂಪಲ್‌ನಲ್ಲೇ ಇರುವವರು `Recording Quality` ಎಂಬುದನ್ನು ನೋಡಿ. ಅದು `Same as stream` ಎಂದಿದ್ದರೆ ನಿಮ್ಮ ರೆಕಾರ್ಡಿಂಗ್ ಲೈವ್‌ಗೆ ಇಟ್ಟ ಸಿಬಿಆರ್‌ನಲ್ಲೇ ಆಗುತ್ತಿದೆ. ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಇದಕ್ಕೊಂದು ಸುಳಿವೂ ಉಂಟು: ಹೀಗಿದ್ದಾಗ ರೆಕಾರ್ಡಿಂಗನ್ನು ನಡುವೆ ಪಾಸ್ ಮಾಡಲು ಆಗುವುದಿಲ್ಲ. ಅಲ್ಲಿ `High Quality, Medium File Size` ಆರಿಸಿದರೆ ಒಬಿಎಸ್ ತಾನೇ ಗುಣಮಟ್ಟ ನೋಡಿ ಬರೆಯುವ ರೀತಿಗೆ ಹೋಗುತ್ತದೆ. ಆಮೇಲೆ ಮೇಲಿನ `Video Bitrate` ಪೆಟ್ಟಿಗೆಗೂ ರೆಕಾರ್ಡಿಂಗ್‌ಗೂ ಸಂಬಂಧ ಇರುವುದಿಲ್ಲ. ‘2500ರಿಂದ 10,000ಕ್ಕೆ ಏರಿಸಿದೆ, ಫೈಲ್ ಹಾಗೇ ಇದೆ’ ಅನ್ನುವವರು ಲೈವ್‌ನ ಸಂಖ್ಯೆಯನ್ನು ತಿರುಗಿಸುತ್ತಿರುತ್ತಾರೆ.

ಸಂಖ್ಯೆಯನ್ನು ನೀವೇ ಇಡಬೇಕು ಅಂದರೆ `Advanced`ಗೆ ಹೋಗಿ, ಅದರೊಳಗೆ `Recording` ಟ್ಯಾಬ್. `Video Encoder` ಎದುರು `Use stream encoder` ಇದ್ದರೆ ಬದಲಾಯಿಸಿ. ಎನ್‌ವಿಡಿಯಾ ಕಾರ್ಡ್ ಅಥವಾ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಇದ್ದರೆ ಅದರ ಎಚ್264 ಎನ್‌ಕೋಡರ್ ತಗೊಳ್ಳಿ, ಪ್ರೊಸೆಸರ್‌ಗೆ ಹೊರೆ ಆಗುವುದಿಲ್ಲ. ಇಲ್ಲದಿದ್ದರೆ `x264`. ಆಮೇಲೆ ಕೆಳಗೆ `Rate Control`.

ಹಿಂದಿನದನ್ನು ನೋಡದೆ ಇಡೀ ಚಿತ್ರವನ್ನು ಹೊಸದಾಗಿ ಬರೆಯುವ ಫ್ರೇಮಿಗೆ ಕೀಫ್ರೇಮ್ ಅನ್ನುತ್ತಾರೆ. ಅದರ ಅಂತರ ಕೇಳುವಲ್ಲಿ 2 ಸೆಕೆಂಡು ಕೊಡಿ. ಅದನ್ನು 0 ಬಿಟ್ಟರೆ `x264` 250 ಫ್ರೇಮಿಗೊಂದು ಕೀಫ್ರೇಮ್ ಇಡುವವರೆಗೂ ಹೋಗಬಹುದು, ಅಂದರೆ 30 ಫ್ರೇಮ್ ಲೆಕ್ಕದಲ್ಲಿ 8 ಸೆಕೆಂಡಿಗೂ ಮೇಲೆ. ಎಡಿಟಿಂಗ್‌ನಲ್ಲಿ ಟೈಮ್‌ಲೈನ್ ಎಳೆದಾಡುವಾಗ ತಡೆತಡೆದು ಬರುವುದಕ್ಕೆ ಇದು ಕಾರಣ ಆಗಬಹುದು, ಬೈಗುಳ ಮಾತ್ರ ವಿಬಿಆರ್‌ಗೆ ಬೀಳುತ್ತದೆ.

ವಿಬಿಆರ್‌ಗೆ ಬೀಳುವ ಇನ್ನೊಂದು ಬೈಗುಳ, ಎಡಿಟರ್‌ಗೆ ಹಾಕಿದರೆ ಧ್ವನಿ ಮುಂದೆ ಹಿಂದೆ ಆಗುತ್ತದೆ ಅನ್ನುವುದು. ಅದು ಬದಲಾಗುವ ಫ್ರೇಮ್‌ರೇಟಿನ ತೊಂದರೆ, ಮೊಬೈಲ್‌ನಲ್ಲಿ ಸ್ಕ್ರೀನ್ ರೆಕಾರ್ಡ್ ಮಾಡಿದಾಗ ಸಾಮಾನ್ಯ. ಒಬಿಎಸ್ ಬಿಟ್‌ರೇಟ್ ಏನೇ ಇರಲಿ, ಫ್ರೇಮ್‌ರೇಟನ್ನು ಸ್ಥಿರವಾಗೇ ಇಡುತ್ತದೆ.

## ಎರಡು ನಿಮಿಷದ ಪರೀಕ್ಷೆ

ನನ್ನ ಮಾತು ನಂಬಬೇಕಿಲ್ಲ, ನಿಮ್ಮ ಪರದೆಯಲ್ಲೇ ನೋಡಿ. `View` ಮೆನುವಿನಲ್ಲಿ `Stats` ತೆರೆದಿಟ್ಟುಕೊಳ್ಳಿ. ಸಿಬಿಆರ್ 8000 ಇಟ್ಟು ಎರಡು ನಿಮಿಷ ರೆಕಾರ್ಡ್ ಮಾಡಿ. ಮೊದಲ ಒಂದು ನಿಮಿಷ ಏನೂ ಮುಟ್ಟಬೇಡಿ. ಆಮೇಲೆ ನಾಲ್ಕು ಸಲ ಕಿಟಕಿ ಬದಲಿಸಿ, ಉದ್ದ ಹಾಳೆಯೊಂದನ್ನು ಜೋರಾಗಿ ಸ್ಕ್ರೋಲ್ ಮಾಡಿ, ಅಕ್ಷರ ದೊಡ್ಡದು ಚಿಕ್ಕದು ಮಾಡಿ. ಇದನ್ನೇ `CRF` ಅಥವಾ `CQP` 20ರಲ್ಲಿ ಮತ್ತೊಮ್ಮೆ ಮಾಡಿ.

ರೆಕಾರ್ಡಿಂಗ್ ಸಾಲಿನ ಬಿಟ್‌ರೇಟ್ ಮೇಲೆ ಕಣ್ಣಿಡಿ. ಮೊದಲ ಸಲ ನೀವು ಕೈಕಟ್ಟಿ ಕೂತಿದ್ದರೂ ಅದು 8000ದ ಸುತ್ತಲೇ ಇರುತ್ತದೆ. ಎರಡನೇ ಸಲ ಕೂತಾಗ ತಳಕ್ಕೆ ಇಳಿಯುತ್ತದೆ, ಸ್ಕ್ರೋಲ್ ಮಾಡಿದಾಗ ಜಿಗಿಯುತ್ತದೆ. ಸ್ಟ್ಯಾಟ್ಸ್ ಕಿಟಕಿಯೇ ಪರದೆಯ ಮೇಲಿದ್ದು ರೆಕಾರ್ಡ್ ಆಗುತ್ತಿದ್ದರೆ ಅದರ ಅಂಕಿ ಬದಲಾಗುವುದಕ್ಕೂ ಸ್ವಲ್ಪ ಬಿಟ್ ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಆಮೇಲೆ ಫೈಲನ್ನು ವಿಎಲ್‌ಸಿಯಲ್ಲಿ ತೆರೆಯಿರಿ. ಕಿಟಕಿ ಬದಲಾಗುವ ಜಾಗಕ್ಕೆ ಬಂದು ನಿಲ್ಲಿಸಿ, `E` ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಹೊಸ ಪರದೆಯ ಮೊದಲ ಫ್ರೇಮಿನಲ್ಲೇ ಒತ್ತಕ್ಷರ ಓದಲು ಬರುತ್ತಿದೆಯಾ? ಬರದಿದ್ದರೆ ಎಷ್ಟು ಫ್ರೇಮ್ ಆದಮೇಲೆ ಬಂತು? ಎರಡು ಫೈಲನ್ನೂ ಹೀಗೆ ನೋಡಿದರೆ ಯಾವುದು ಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಫೈಲಿನ ಒಳಗೆ ಇಣುಕಬೇಕು ಅನ್ನುವವರು ಒಂದೊಂದು ಫ್ರೇಮಿನ ಗಾತ್ರವನ್ನೂ ಪಟ್ಟಿ ಮಾಡಿಸಬಹುದು:

```
ffprobe -v error -select_streams v:0 -show_entries packet=pts_time,size,flags -of csv=p=0 test.mkv
```

ಎರಡನೇ ಅಂಕಣದಲ್ಲಿ ಇರುವುದು ಬೈಟ್ ಲೆಕ್ಕ. ಗುಣಮಟ್ಟ ನೋಡಿ ಬರೆದ ಫೈಲಿನಲ್ಲಿ, ನಿಂತ ಪರದೆಯ ಸಾಲುಗಳು ತೀರಾ ಚಿಕ್ಕವು. ಮೂರನೇ ಅಂಕಣದಲ್ಲಿ `K` ಇರುವ ಕೀಫ್ರೇಮ್‌ಗಳು ಮಾತ್ರ ದೊಡ್ಡವು.

ಈ ಪರೀಕ್ಷೆಯಲ್ಲಿ ಎಲ್ಲ ಹೊತ್ತಿನಲ್ಲೂ ಅಕ್ಷರ ಮಸುಕಾಗೇ ಕಂಡರೆ, ಅಂದರೆ ಪರದೆ ಒಂದು ನಿಮಿಷ ನಿಂತಮೇಲೂ ಸರಿಹೋಗದಿದ್ದರೆ, ಅದು ಬಿಟ್‌ರೇಟ್ ತೊಂದರೆ ಅಲ್ಲ. ಮೊದಲು `Settings`ನ `Video` ಭಾಗ ನೋಡಿ. ಕ್ಯಾನ್ವಾಸ್ 1920×1080 ಇದ್ದು ಔಟ್‌ಪುಟ್ 1280×720 ಆಗಿದ್ದರೆ, ಚಿತ್ರ ಎನ್‌ಕೋಡರ್‌ಗೆ ಹೋಗುವ ಮೊದಲೇ ಕುಗ್ಗಿರುತ್ತದೆ. ಎರಡನ್ನೂ ಒಂದೇ ಮಾಡಿ. ಕಪ್ಪು ಹಿನ್ನೆಲೆಯ ಮೇಲಿನ ತೆಳು ಕೆಂಪು, ನೀಲಿ ಅಕ್ಷರ ಮಾತ್ರ ಕದಡಿದ್ದರೆ ಅದು ಬಣ್ಣವನ್ನು ಅರ್ಧ ರೆಸಲ್ಯೂಷನ್‌ನಲ್ಲಿ ಉಳಿಸುವುದರ ಫಲ. ಒಬಿಎಸ್ ಮಾಮೂಲಿಗೆ ಹಾಗೇ ಉಳಿಸುತ್ತದೆ, ಯೂಟ್ಯೂಬೂ ಹಾಗೇ ಮಾಡುತ್ತದೆ. ಅದಕ್ಕೆ ಬಿಟ್‌ರೇಟ್ ಸುರಿಯುವುದು ದಂಡ. ಕೋಡ್ ಎಡಿಟರ್‌ನ ಬಣ್ಣದ ಥೀಮ್ ಬದಲಾಯಿಸುವುದು ಸುಲಭ.

ಹಾಗೇ ವಿಡಿಯೊ ಎಡವಿ ಎಡವಿ ಓಡಿದರೆ ಸ್ಟ್ಯಾಟ್ಸ್‌ನಲ್ಲಿ `Skipped frames due to encoding lag` ನೋಡಿ. ಅದು ಏರುತ್ತಿದ್ದರೆ ಯಂತ್ರಕ್ಕೆ ಹೊರೆ ಜಾಸ್ತಿ ಆಗಿದೆ. ಸಿಬಿಆರ್‌ಗೆ ಹೋದರೆ ಅದು ತೀರುವುದಿಲ್ಲ. `x264` ಇದ್ದರೆ ಪ್ರಿಸೆಟ್ ಅನ್ನು `veryfast`ನಿಂದ `superfast`ಗೆ ತನ್ನಿ, ಇಲ್ಲವೇ ಗ್ರಾಫಿಕ್ಸ್ ಎನ್‌ಕೋಡರ್‌ಗೆ ಹೋಗಿ.

## ಸಿಬಿಆರ್ ಇಡಬೇಕಾದ ಸಂದರ್ಭ

ಇಲ್ಲವೇ ಇಲ್ಲ ಅಂತಲ್ಲ. ಹಳೇ ಲ್ಯಾಪ್‌ಟಾಪ್‌ನಲ್ಲಿ ಪಾಠವನ್ನು ಲೈವ್ ಮಾಡುತ್ತಾ ಜೊತೆಗೇ ರೆಕಾರ್ಡ್ ಕೂಡ ಮಾಡಬೇಕು ಅಂದುಕೊಳ್ಳಿ. ಲೈವ್‌ಗೆ ಒಂದು, ರೆಕಾರ್ಡಿಂಗ್‌ಗೆ ಒಂದು ಅಂತ ಎರಡು ಎನ್‌ಕೋಡ್ ನಡೆಸುವ ಶಕ್ತಿ ಅದಕ್ಕಿಲ್ಲ. ಆಗ ಒಂದೇ ಎನ್‌ಕೋಡ್ ಹಂಚಿಕೊಳ್ಳುವುದು ಸರಿ, ಅದು ಸಿಬಿಆರ್ ಆಗಿರಲೇಬೇಕು. ಮಸುಕಾಗುವುದನ್ನು ತಡೆಯಲು ಆಗ ನಿಮ್ಮ ಕೈಲಿರುವುದು ನಿಧಾನವಾಗಿ ಸ್ಕ್ರೋಲ್ ಮಾಡುವುದು, ಅಕ್ಷರ ದೊಡ್ಡದು ಮಾಡುವುದು.

ಇನ್ನೊಂದು, ಫೈಲ್ ಎಷ್ಟು ದೊಡ್ಡದಾಗುತ್ತದೆ ಅಂತ ಮೊದಲೇ ಗೊತ್ತಿರಬೇಕಾದಾಗ. ಪೆನ್‌ಡ್ರೈವ್‌ಗೆ ನೇರವಾಗಿ ರೆಕಾರ್ಡ್ ಮಾಡುತ್ತೀರಿ, ಅದು ಫ್ಯಾಟ್32ನಲ್ಲಿದೆ ಅಂದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಸಿಬಿಆರ್ 8000ದಲ್ಲಿ 70 ನಿಮಿಷದ ಹತ್ತಿರ ಆ ಗಡಿ ಬರುತ್ತದೆ ಅಂತ ಹೇಳಬಹುದು, `CRF`ನಲ್ಲಿ ಹೇಳಲಾಗದು. ಆದರೂ ನಾನಾಗಿದ್ದರೆ ಇದಕ್ಕೋಸ್ಕರ ಸಿಬಿಆರ್‌ಗೆ ಹೋಗುವುದಿಲ್ಲ. ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡುತ್ತೇನೆ. ಅಥವಾ ಅದೇ `Recording` ಟ್ಯಾಬಿನ `Automatic File Splitting` ಹಾಕಿ ಫೈಲ್ ತಾನಾಗಿ ತುಂಡಾಗುವಂತೆ ಮಾಡುತ್ತೇನೆ.

ಯೂಟ್ಯೂಬ್‌ಗೆ ಹಾಕುವುದಕ್ಕೆ ಸಿಬಿಆರ್ ಬೇಕು ಅನ್ನುವುದು ಕಾರಣವಲ್ಲ. ಅಲ್ಲಿ ಎಲ್ಲ ಫೈಲೂ ಮತ್ತೆ ಎನ್‌ಕೋಡ್ ಆಗುತ್ತದೆ. 1080ಪಿ, 30 ಫ್ರೇಮ್ ವಿಡಿಯೊಗೆ ಯೂಟ್ಯೂಬ್ ಹೇಳುವ 8 ಎಂಬಿಪಿಎಸ್ ಒಂದು ಸೂಚನೆ ಅಷ್ಟೆ. ನಿಮ್ಮ ಪಾಠದ ಸರಾಸರಿ ಅದಕ್ಕಿಂತ ಎಷ್ಟೋ ಕೆಳಗೆ ಬಂದರೂ ಗಾಬರಿ ಬೇಡ, ನಿಂತ ಪರದೆಯೇ ಅದನ್ನು ಕೆಳಗೆ ಎಳೆದಿರುತ್ತದೆ.

## ಈಗಾಗಲೇ ಸಿಬಿಆರ್‌ನಲ್ಲಿ ರೆಕಾರ್ಡ್ ಆಗಿದ್ದರೆ

ಡಿಸ್ಕಿನ ತುಂಬ ಹಳೇ ಪಾಠಗಳಿದ್ದು, ಅವು ಯಾವ ರೀತಿಯಲ್ಲಿ ಬರೆದವು ಅಂತ ನೆನಪಿಲ್ಲದಿದ್ದರೆ ಮೀಡಿಯಾಇನ್ಫೋದಲ್ಲಿ ತೆರೆದು ನೋಡಿ. `x264`ನಿಂದ ಬಂದ ಫೈಲಾದರೆ ಎನ್‌ಕೋಡಿಂಗ್ ಸೆಟ್ಟಿಂಗ್‌ಗಳ ಉದ್ದ ಸಾಲಿನಲ್ಲಿ `rc=cbr` ಅಥವಾ `rc=crf` ಕಾಣುತ್ತದೆ. `filler=1` ಅಂತಲೂ ಇದ್ದರೆ ಒಳಗೆ ಖಾಲಿ ಡೇಟಾ ಇದೆ ಅಂತ ಅರ್ಥ. ಅದನ್ನು ಮತ್ತೆ ಎನ್‌ಕೋಡ್ ಮಾಡದೆಯೇ ಕಿತ್ತುಹಾಕಬಹುದು:

```
ffmpeg -i pata.mkv -map 0 -c copy -bsf:v filter_units=remove_types=12 pata-chikka.mkv
```

12 ಎಂಬುದು ಎಚ್264ನಲ್ಲಿ ಫಿಲ್ಲರ್‌ಗೆ ಇರುವ ಸಂಖ್ಯೆ. ಎಚ್265 ಫೈಲಾಗಿದ್ದರೆ ಅಲ್ಲಿ 38 ಹಾಕಬೇಕು. ಚಿತ್ರದ ಒಂದು ಬಿಟ್ಟೂ ಬದಲಾಗುವುದಿಲ್ಲ, ಡಿಸ್ಕಿನಿಂದ ಡಿಸ್ಕಿಗೆ ನಕಲು ಮಾಡುವಷ್ಟೇ ಹೊತ್ತು ಸಾಕು. ಪರದೆ ಹೆಚ್ಚು ಹೊತ್ತು ನಿಂತಿದ್ದ ಪಾಠಗಳಲ್ಲಿ ಉಳಿತಾಯ ಜಾಸ್ತಿ. ವೆಬ್‌ಕ್ಯಾಮ್ ಇದ್ದ ಪಾಠಗಳಲ್ಲಿ ಅಷ್ಟೇನೂ ಸಿಗದಿರಬಹುದು, ಅಲ್ಲಿ ಬಿಟ್‌ಗಳು ಖಾಲಿ ಹೋಗಿರುವುದಿಲ್ಲ, ಕ್ಯಾಮೆರಾದ ಗದ್ದಲಕ್ಕೆ ಖರ್ಚಾಗಿರುತ್ತವೆ. ಹೊಸ ಫೈಲನ್ನು ಕೊನೆಯವರೆಗೆ ಓಡಿಸಿ ನೋಡಿದ ಮೇಲೆಯೇ ಹಳೆಯದನ್ನು ಅಳಿಸಿ. ಸ್ಕ್ರೋಲ್ ಮಾಡಿದಾಗ ಮಸುಕಾದ ಅಕ್ಷರಗಳು ಮಾತ್ರ ಇದರಿಂದ ವಾಪಸ್ ಬರುವುದಿಲ್ಲ, ಆ ಭಾಗವನ್ನು ಹೊಸದಾಗಿ ರೆಕಾರ್ಡ್ ಮಾಡಿ ಜೋಡಿಸಬೇಕು.